ಜಗಲಿಯ ಮೇಲಿನ ಅಜ್ಜಿಯ ತಮ್ಮ

ಇಂಗ್ಲಿಷಿನ 'ಕಸಿನ್' ಎಂಬ ಒಂದೇ ಪದಕ್ಕೆ ಕನ್ನಡದಲ್ಲಿ ನೇರ ಸಾಟಿಯಿಲ್ಲ. ಸೋದರಮಾವನ ಮಗ ಭಾವನೋ ಭಾವಮೈದುನನೋ ಆಗುತ್ತಾನೆ. ಅವನೊಂದಿಗೆ ತಮಾಷೆ ಉಂಟು, ಆಸ್ತಿಯ ಲೆಕ್ಕವಿಲ್ಲ. ದೊಡ್ಡಪ್ಪನ ಮಗನನ್ನು ಕರೆಯುವುದು ಅಣ್ಣ ಎಂದೇ. ಆದರೆ ಜಗಳ ಬಂದ ದಿನ ಅವನು ದಾಯಾದಿ. 'ದಾಯ' ಎಂದರೆ ಪಾಲು, ದಾಯಾದ ಎಂದರೆ ಪಾಲು ಪಡೆಯುವವನು. ಸಂಬಂಧದ ಹೆಸರಲ್ಲೇ ಜಮೀನು ಕೂತಿದೆ.

ತುಮಕೂರು ಸೀಮೆಯ ತೆಂಗಿನ ತೋಟದ ಒಂದು ಊರು, ಅಲ್ಲೊಂದು ಗೃಹಪ್ರವೇಶ ಎಂದಿಟ್ಟುಕೊಳ್ಳಿ. ಆಹ್ವಾನ ಪತ್ರಿಕೆಯ 'ಸುಖಾಗಮನ ಬಯಸುವವರು' ಸಾಲಿನಲ್ಲಿ ಚಿಕ್ಕಪ್ಪನ ಮಗನ ಹೆಸರಿಲ್ಲ. ಎರಡನೇ ಪಂಕ್ತಿಯ ಹೊತ್ತಿಗೆ ಅವನು ಎಲೆ ಮುಂದಿನಿಂದ ಎದ್ದ. ಮಾತು ಬೆಳೆದು ಬೋರ್‌ವೆಲ್‌ಗೆ ಹೋಯಿತು. ಹೆಸರು ಬಿಟ್ಟದ್ದು ನೆಪ, ನೀರು ಬಿಡದ್ದು ನಿಜವಾದ ಸಿಟ್ಟು.

ಈಗ ಮಾತಾಡಬೇಕಾದ ಹಿರಿಯ ಯಾರು? ದೊಡ್ಡಪ್ಪನೇ ಬಾಯಿ ಹಾಕಿದರೆ ಮಗನ ಪರ ಎಂದಾಗುತ್ತದೆ. ಒಬ್ಬನ ಸೋದರಮಾವ ಇನ್ನೊಬ್ಬನಿಗೆ ದೂರದವನು. ಇಲ್ಲಿ ಒದಗುವವರು ಅಜ್ಜಿಯ ತಮ್ಮನಂಥವರು. ಅಪ್ಪಂದಿರಿಬ್ಬರಿಗೂ ಅವರು ಸೋದರಮಾವ, ಹಾಗಾಗಿ ಮೊಮ್ಮಕ್ಕಳಿಬ್ಬರಿಗೂ ಒಂದೇ ದೂರದಲ್ಲಿರುವ ತಾತ. ಈ ಮನೆಯ ಜಮೀನಿನಲ್ಲಿ ಅವರಿಗೆ ಒಂದು ಗುಂಟೆಯೂ ಬರುವುದಿಲ್ಲ. ಅವರ ಮಾತಿನ ಬೆಲೆ ವಯಸ್ಸಿನಿಂದ ಬಂದದ್ದಕ್ಕಿಂತ ಹೆಚ್ಚಾಗಿ ಇದರಿಂದ ಬಂದದ್ದು.

ಪಳಗಿದ ತಾತ ಚಪ್ಪರದಡಿಯಲ್ಲಿ ಮಾತು ತೆಗೆಯುವುದಿಲ್ಲ. ನೂರು ಜನರ ಎದುರು, ಅದರಲ್ಲೂ ಬೀಗರು ನೋಡುತ್ತಿರುವಾಗ ತಗ್ಗಿದವನು ಮನೆಗೆ ಹೋಗಿ ಮತ್ತೆ ಸೆಟೆಯುತ್ತಾನೆ. ಊಟ ಮುಗಿದ ಮೇಲೆ ಇಬ್ಬರನ್ನೂ ಜಗಲಿಗೆ ಕರೆದು, ಫೋನುಗಳನ್ನು ಒಳಗಿಡಿಸಿ ಹೇಳುತ್ತಾರೆ: "ಬೋರ್ ಕೊರೆಸಿದ್ದು ದೊಡ್ಡೋನು, ದುಡ್ಡೂ ಅವನದೇ. ಪೈಪು ಹಾದಿರೋದು ಚಿಕ್ಕೋನ ತೆಂಗಿನ ಸಾಲಲ್ಲಿ. ಇಷ್ಟು ನಿಜ ತಾನೇ? ತಪ್ಪಿದ್ರೆ ಈಗಲೇ ಹೇಳ್ರಪ್ಪ."

ಇಬ್ಬರೂ ತಲೆಯಾಡಿಸುವ ತನಕ ಮುಂದಿನ ಮಾತಿಲ್ಲ. ಸೊಗಸಿರುವುದು ಇಲ್ಲೇ. ಕೂಗಾಡುತ್ತಿದ್ದವರು ಮೊದಲ ಸಲ ಒಂದೇ ವಿಷಯಕ್ಕೆ ಹೂಂಗುಟ್ಟಿರುತ್ತಾರೆ. "ಇಬ್ಬರದೂ ತಪ್ಪು, ಕೈ ಕುಲುಕ್ರಿ" ಎಂದು ಶುರುಮಾಡುವ ಹಿರಿಯರು ಕೆಡುವುದೂ ಇಲ್ಲೇ. ತನ್ನದು ಅರ್ಧ ತಪ್ಪು ಎಂದು ಇಬ್ಬರಲ್ಲಿ ಒಬ್ಬನೂ ಒಪ್ಪಿ ಬಂದಿರುವುದಿಲ್ಲ.

ಆಮೇಲೆ ತಾತ ಗಂಟನ್ನು ಎರಡು ಮಾಡುತ್ತಾರೆ. "ಹೆಸರು ಬಿಟ್ಟಿದ್ದು ನಿನ್ ತಪ್ಪು. ಹೋಗಿ, ತಮ್ಮನ ಪಕ್ಕದಲ್ಲೇ ಕೂತು ಇನ್ನೊಂದ್ ಲೋಟ ಪಾಯಸ ಕುಡಿ. ನೀರಿನ ಮಾತು ಇವತ್ತು ಬೇಡ. ಬರೋ ಭಾನುವಾರ ತೋಟದಲ್ಲಿ ನಿಂತು ಆಡಣ, ನಾನೂ ಬರ್ತೀನಿ." ಅವಮಾನಕ್ಕೆ ಅಂದೇ ಮದ್ದು, ನೀರಿಗೆ ದಿನ ಗೊತ್ತು. ಭಾನುವಾರದ ತೀರ್ಮಾನ ಹೀಗಿರಬಹುದು: ವಾರಕ್ಕೆ ಎರಡು ಸರದಿ ನೀರು ತಮ್ಮನಿಗೆ, ಪೈಪಿನ ತಂಟೆಗೆ ತಮ್ಮ ಬರುವಂತಿಲ್ಲ, ಮೋಟರು ಸುಟ್ಟರೆ ರಿಪೇರಿಯ ಖರ್ಚು ಸಮಪಾಲು. ಕೊನೆಯದನ್ನು ಮರೆತರೆ ಮೋಟರು ಕೈಕೊಟ್ಟ ದಿನವೇ ಜಗಳ ಮತ್ತೆ ಹತ್ತಿಕೊಳ್ಳುತ್ತದೆ.

ಜಗಲಿಯ ಈ ಮಾತು ಬರಿಯ ಸಮಾಧಾನವಲ್ಲ. ಕುಟುಂಬದ ಒಡಂಬಡಿಕೆ ಬಾಯಿಮಾತಿನಲ್ಲೂ ಆಗಬಹುದು ಎಂದು ಸುಪ್ರೀಂ ಕೋರ್ಟ್ 1976ರ ಕಾಳೆ ಪ್ರಕರಣದಲ್ಲಿ ಹೇಳಿದೆ. ಅದು ಪ್ರಾಮಾಣಿಕವಾಗಿರಬೇಕು, ಒತ್ತಾಯವಾಗಲಿ ಮೋಸವಾಗಲಿ ಇರಬಾರದು. ಜಮೀನಿನ ಹಕ್ಕೇ ಅದಲುಬದಲಾಗುವ ಒಪ್ಪಂದದಲ್ಲಿ ಬರವಣಿಗೆಯ ಧಾಟಿ ಮುಖ್ಯ. "ನಾವು ಆಗಲೇ ಹೀಗೆ ಒಪ್ಪಿಕೊಂಡಿದ್ದೆವು" ಎಂದು ಆದದ್ದನ್ನು ನೆನಪಿಗಾಗಿ ಬರೆದಿಟ್ಟರೆ ನೋಂದಣಿ ಬೇಕಿಲ್ಲ. "ಈ ಪತ್ರದ ಮೂಲಕ ಹಂಚಿಕೊಳ್ಳುತ್ತಿದ್ದೇವೆ" ಎಂದರೆ ಪತ್ರವೇ ಹಕ್ಕು ಕೊಟ್ಟಂತೆ, ಆಗ ಸಬ್ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲು ಹತ್ತಲೇಬೇಕು.

ತಾತ ಮರೆಯಬಹುದಾದ ಒಬ್ಬರು ಅಡುಗೆಮನೆಯಲ್ಲಿದ್ದಾರೆ, ಹುಡುಗರ ಸೋದರತ್ತೆ. ಹಿಂದೆ ಇಂಥ ಜಗಳಕ್ಕೆ ಅವರೂ ನಿಷ್ಪಕ್ಷಪಾತಿಗಳೇ, ಪಾಲಿಲ್ಲದವರು. 1994ರಲ್ಲಿ ಕರ್ನಾಟಕ ತನ್ನ ತಿದ್ದುಪಡಿಯಿಂದ ಆಗ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನ ಹಕ್ಕು ಕೊಟ್ಟಿತು. 2005ರ ಕೇಂದ್ರ ತಿದ್ದುಪಡಿ ಅದನ್ನು ಮದುವೆಯಾದವರಿಗೂ ವಿಸ್ತರಿಸಿತು. ಆಸ್ತಿ ಅದಕ್ಕೂ ಮೊದಲೇ ಕಾನೂನುಬದ್ಧವಾಗಿ ಭಾಗವಾಗಿರದಿದ್ದರೆ ಅತ್ತೆಯೂ ಪಾಲುದಾರರೇ. ಆದ್ದರಿಂದ ಮಾತು ನೀರು ದಾಟಿ ಜಮೀನಿಗೆ ಬಂದರೆ, ಇಬ್ಬರು ಹುಡುಗರ ಸಹಿ ಹಾಕಿಸಿ ಕಾಗದ ಮಡಿಸುವ ಮುನ್ನ ತಾತ ಒಳಗೆ ತಿರುಗಿ ಕೂಗಬೇಕಾಗುತ್ತದೆ: "ಏನಮ್ಮಾ, ಸ್ವಲ್ಪ ಈ ಕಡೆ ಬಾ. ನಿನ್ನನ್ನೂ ಒಂದ್ ಮಾತು ಕೇಳ್ಬೇಕು."