ಯಾರ ಸಹಿ ಎಷ್ಟರವರೆಗೆ?

ಬಜೆಟ್ಟಿನಲ್ಲಿ ಕಟ್ಟಡ ದುರಸ್ತಿಗೆ 18 ಲಕ್ಷ ರೂಪಾಯಿ ಎಂದು ಬರೆದಿರುತ್ತದೆ. ಜೂನ್ ತಿಂಗಳ ಮೊದಲ ಮಳೆಗೆ ಹಾಸ್ಟೆಲಿನ ಚಾವಣಿ ಸೋರತೊಡಗಿದಾಗ 30 ಸಾವಿರದ ಕೆಲಸಕ್ಕೆ ಒಪ್ಪಿಗೆ ಕೊಡಬೇಕಾದವರು ಯಾರು ಎಂಬುದು ಮಾತ್ರ ಅಲ್ಲಿರುವುದಿಲ್ಲ. ವಾರ್ಡನ್ ಪ್ರಾಂಶುಪಾಲರನ್ನು ಕೇಳುತ್ತಾರೆ, ಪ್ರಾಂಶುಪಾಲರು ಕಾರ್ಯದರ್ಶಿಗೆ ಫೋನ್ ಮಾಡುತ್ತಾರೆ, ಕಾರ್ಯದರ್ಶಿ ಮುಂದಿನ ಸಭೆಯಲ್ಲಿ ಇಡೋಣ ಎನ್ನುತ್ತಾರೆ. ಸಭೆ ಸೇರುವಷ್ಟರಲ್ಲಿ ಹಾಸಿಗೆಗಳು ನೆಂದಿರುತ್ತವೆ. ಹಣ ಇತ್ತು, ಅದನ್ನು ಖರ್ಚು ಮಾಡುವ ಅಧಿಕಾರ ಯಾರ ಬಳಿಯೂ ಇರಲಿಲ್ಲ.

ಈ ಕೊರತೆ ನೀಗಲೆಂದೇ ಸರ್ಕಾರಿ ಕಚೇರಿಗಳಲ್ಲಿ ‘ಆರ್ಥಿಕ ಅಧಿಕಾರ ಪ್ರತ್ಯಾಯೋಜನೆ’ ಎಂಬ ಪದ್ಧತಿ ಇದೆ. ಯಾವ ಹುದ್ದೆಯವರು ಯಾವ ಬಾಬ್ತಿಗೆ ಎಷ್ಟರವರೆಗೆ ಮಂಜೂರು ಮಾಡಬಹುದು ಎಂಬ ಪಟ್ಟಿ ಅದು. ಶಿಕ್ಷಣ ಸಂಸ್ಥೆ, ಟ್ರಸ್ಟು, ಸಹಕಾರ ಸಂಘಗಳು ಬಜೆಟ್ ತಯಾರಿಸುವಾಗ ಅದರ ಹಿಂದೆಯೇ ಇಂಥದೊಂದು ಪುಟವನ್ನು ಲಗತ್ತಿಸಿ, ಅದೇ ಠರಾವಿನಲ್ಲಿ ಅಂಗೀಕರಿಸಿದರೆ ಗೊಂದಲದ ಬಹುಪಾಲು ಅಲ್ಲಿಗೇ ತೀರುತ್ತದೆ. ಆದರೆ ಹೆಚ್ಚಿನ ಕಡೆ ಈ ಪುಟ ಹುದ್ದೆಗಳ ಗೌರವ ನೋಡಿ ತಯಾರಾಗುತ್ತದೆ: ಕಾರ್ಯದರ್ಶಿಗೆ ಇಷ್ಟು, ಅಧ್ಯಕ್ಷರಿಗೆ ಅದರ ಎರಡರಷ್ಟು. ಪಟ್ಟಿ ಹಾಳಾಗುವುದು ಅಲ್ಲಿಂದಲೇ. ಮಿತಿಯನ್ನು ನಿಗದಿ ಮಾಡಬೇಕಾದದ್ದು ಹಳೆಯ ವೋಚರುಗಳನ್ನು ನೋಡಿ.

ತಾಲ್ಲೂಕು ಕೇಂದ್ರವೊಂದರಲ್ಲಿ ಪದವಿಪೂರ್ವ ಕಾಲೇಜು ಮತ್ತು ಹಾಸ್ಟೆಲ್ ನಡೆಸುವ ಒಂದು ಸಂಘವನ್ನು ಉದಾಹರಣೆಗೆ ಕಲ್ಪಿಸಿಕೊಳ್ಳಬಹುದು. ವರ್ಷದ ಬಜೆಟ್ 2.40 ಕೋಟಿ. ಅದರಲ್ಲಿ ಸಂಬಳ ಒಂದೂವರೆ ಕೋಟಿ, ಮೀಸಲು 6 ಲಕ್ಷ. ಉಳಿದ 84 ಲಕ್ಷ ಅಡುಗೆಮನೆ, ದುರಸ್ತಿ, ಪ್ರಯೋಗಾಲಯ, ವಾಹನ ಮತ್ತು ಕಚೇರಿಗೆ. ಸಂಬಳದ ಮೊತ್ತ ಮೊದಲೇ ನಿರ್ಧಾರವಾಗಿರುವುದರಿಂದ ಪಟ್ಟಿಯ ನಿಜವಾದ ಕೆಲಸ ಇರುವುದು ಈ 84 ಲಕ್ಷದಲ್ಲಿ.

ಖಜಾಂಚಿ ಹಿಂದಿನ ವರ್ಷದ 1,200 ವೋಚರುಗಳನ್ನು ಮೊತ್ತದ ಪ್ರಕಾರ ಜೋಡಿಸುತ್ತಾರೆ ಎನ್ನೋಣ. 5 ಸಾವಿರದ ಒಳಗಿನವು 940, ಎಲ್ಲ ಸೇರಿಸಿದರೂ 16 ಲಕ್ಷ. 5ರಿಂದ 50 ಸಾವಿರದವರೆಗಿನವು 220, ಅವುಗಳ ಮೊತ್ತ 28 ಲಕ್ಷ. 50 ಸಾವಿರ ಮೀರಿದವು ಕೇವಲ 40, ಆದರೆ ಅವು 40 ಲಕ್ಷ ನುಂಗಿವೆ. ಹೆಚ್ಚುಕಡಿಮೆ ಅರ್ಧ ಹಣ ಆ ನಲವತ್ತು ಕಾಗದಗಳಲ್ಲೇ ಇದೆ. ಹಾಗಾದರೆ 5 ಸಾವಿರದವರೆಗೆ ವಾರ್ಡನ್ ಅಥವಾ ಕಚೇರಿ ಅಧೀಕ್ಷಕರು, 50 ಸಾವಿರದವರೆಗೆ ಪ್ರಾಂಶುಪಾಲರು, 3 ಲಕ್ಷದವರೆಗೆ ಕಾರ್ಯದರ್ಶಿ ಮತ್ತು ಖಜಾಂಚಿ ಜಂಟಿಯಾಗಿ, ಅದಕ್ಕೂ ಮೇಲ್ಪಟ್ಟರೆ ಕಾರ್ಯಕಾರಿ ಸಮಿತಿ ಎಂದು ಗೆರೆ ಎಳೆಯಬಹುದು. ಪದಾಧಿಕಾರಿಗಳ ಮುಂದೆ ಬರುವ ಕಾಗದಗಳು ಸಾವಿರದಿಂದ ನಲವತ್ತಕ್ಕೆ ಇಳಿಯುತ್ತವೆ, ಆ ನಲವತ್ತನ್ನು ಓದಿ ಪ್ರಶ್ನೆ ಕೇಳಲು ಅವರಿಗೆ ಪುರಸೊತ್ತು ಸಿಗುತ್ತದೆ. ದಿನಕ್ಕೆ ಮೂವತ್ತು ಸಹಿ ಹಾಕುವವರು ಯಾವುದನ್ನೂ ಓದುವುದಿಲ್ಲ ಎಂಬುದು ಲೆಕ್ಕಪರಿಶೋಧಕರಿಗೆಲ್ಲ ಗೊತ್ತಿರುವ ಸಂಗತಿ.

ಮೊತ್ತ ಬರೆದಷ್ಟಕ್ಕೆ ಪಟ್ಟಿ ಮುಗಿಯಲಿಲ್ಲ. ‘50 ಸಾವಿರ’ ಎಂದರೆ ತೆರಿಗೆ ಸೇರಿಯೋ, ಬಿಟ್ಟೋ? 42,500 ರೂಪಾಯಿಯ ಕಂಪ್ಯೂಟರಿಗೆ ಶೇ 18ರ ಜಿಎಸ್‌ಟಿ ಸೇರಿದರೆ 50,150 ಆಗುತ್ತದೆ. ಪಟ್ಟಿಯ ಕೆಳಗೆ ‘ತೆರಿಗೆ, ಸಾಗಣೆ ಎಲ್ಲ ಸೇರಿ’ ಎಂದು ಒಂದು ಸಾಲು ಇಲ್ಲದಿದ್ದರೆ ಪ್ರಾಂಶುಪಾಲರು ಒಂದು ಅರ್ಥ ಮಾಡಿಕೊಳ್ಳುತ್ತಾರೆ, ಆಡಿಟರ್ ಇನ್ನೊಂದು.

ಅಕ್ಕಿಯ ವಿಷಯ ಇನ್ನೂ ಸೂಕ್ಷ್ಮ. ತಿಂಗಳಿಗೆ 80 ಸಾವಿರದ ಅಕ್ಕಿ, ಹತ್ತು ತಿಂಗಳಿಗೆ 8 ಲಕ್ಷ. ತಿಂಗಳ ಬಿಲ್ ನೋಡಿದರೆ ಇದು ಕಾರ್ಯದರ್ಶಿ ಮತ್ತು ಖಜಾಂಚಿಯ ಮಟ್ಟದ್ದು, ವರ್ಷದ ಬೇಡಿಕೆ ನೋಡಿದರೆ ಸಮಿತಿಯದು. ಸರಿಯಾದ ಕ್ರಮವೆಂದರೆ ವರ್ಷದ ಮೊತ್ತದ ಮೇಲೆ ಸಮಿತಿ ಒಮ್ಮೆ ದರ ಮತ್ತು ಅಂಗಡಿಯನ್ನು ಒಪ್ಪುವುದು. ಆಮೇಲೆ ಆ ದರದೊಳಗೆ ಬಂದ ಬಿಲ್ಲನ್ನು ಪ್ರಾಂಶುಪಾಲರೇ ಪಾಸು ಮಾಡಬಹುದು, ಅದು 80 ಸಾವಿರವಾದರೂ ಸರಿ. ಏಕೆಂದರೆ ಖರೀದಿಗೆ ಒಪ್ಪಿಗೆ ಕೊಡುವುದು, ಮಾಲು ಬಂದಿದೆಯೆಂದು ನೋಡಿ ಬಿಲ್ ಪಾಸು ಮಾಡುವುದು, ಹಣ ಪಾವತಿಸುವುದು ಮೂರೂ ಬೇರೆ ಬೇರೆ ಅಧಿಕಾರಗಳು. ಪಟ್ಟಿಯಲ್ಲಿ ಮೂರಕ್ಕೂ ಪ್ರತ್ಯೇಕ ಕಲಂ ಬೇಕು, ಒಂದೇ ಹೆಸರು ಮೂರೂ ಕಲಮಿನಲ್ಲಿ ಬರಬಾರದು. ತನಗೋ ತನ್ನ ಮನೆಯವರಿಗೋ ಲಾಭವಾಗುವ ಖರ್ಚನ್ನು ಯಾರೂ ತಾವೇ ಮಂಜೂರು ಮಾಡುವಂತಿಲ್ಲ. ಕಾರ್ಯದರ್ಶಿಯ ಪ್ರಯಾಣ ಭತ್ಯೆಯ ಬಿಲ್ಲಿಗೆ ಅಧ್ಯಕ್ಷರ ಸಹಿ ಎಂಬುದನ್ನೂ ಅಲ್ಲೇ ಬರೆದಿಡಬೇಕು.

ಮಿತಿ ಇದ್ದ ಕಡೆ ಅದನ್ನು ತಪ್ಪಿಸುವ ದಾರಿಯೂ ಹುಟ್ಟುತ್ತದೆ. ಅತಿ ಸಾಮಾನ್ಯವಾದದ್ದು ಖರೀದಿಯನ್ನು ತುಂಡು ಮಾಡುವುದು. 1.45 ಲಕ್ಷದ ಮಂಚಗಳು 48,500, 49,000 ಮತ್ತು 47,500ರ ಮೂರು ಬಿಲ್ಲುಗಳಾಗಿ ಬರುತ್ತವೆ. ಮೇಲಿನವರ ಮಂಜೂರಾತಿ ತಪ್ಪಿಸಲು ಬೇಡಿಕೆಯನ್ನು ಹೀಗೆ ಒಡೆಯಬಾರದೆಂದು ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ. ಖಾಸಗಿ ಸಂಸ್ಥೆಗಳೂ ಆ ಮಾತನ್ನು ಪಟ್ಟಿಯ ಷರತ್ತಾಗಿ ಸೇರಿಸಿಕೊಳ್ಳುವುದು ಒಳ್ಳೆಯದು. ಪತ್ತೆ ಮಾಡುವುದು ಕಷ್ಟವಲ್ಲ. ವೋಚರುಗಳನ್ನು ಮೊತ್ತದ ಪ್ರಕಾರ ಜೋಡಿಸಿದಾಗ 50 ಸಾವಿರದ ಸ್ವಲ್ಪ ಕೆಳಗೆ ಬಿಲ್ಲುಗಳ ಗುಂಪು ಕಂಡರೆ, ಅವು ಒಂದೇ ಅಂಗಡಿಯವಾಗಿದ್ದು ದಿನಾಂಕಗಳೂ ಹತ್ತಿರವಿದ್ದರೆ, ಕಡತ ತರಿಸಿ ನೋಡಬೇಕು.

ಇನ್ನೊಂದು ಬಿರುಕು ಬ್ಯಾಂಕಿನ ಕಡೆ ಇರುತ್ತದೆ. ಪಟ್ಟಿಯಲ್ಲಿ ಜಂಟಿ ಸಹಿ ಎಂದಿದ್ದು, ಬ್ಯಾಂಕಿಗೆ ಕೊಟ್ಟ ಹಳೆಯ ಠರಾವಿನಲ್ಲಿ ‘ಯಾರಾದರೊಬ್ಬರು’ ಎಂದಿದ್ದರೆ ಹಣ ಹೋಗುವುದು ಬ್ಯಾಂಕಿನ ಕಾಗದದ ಪ್ರಕಾರವೇ. ನಿಯಮ ಒಂದು ಕಡೆ, ಹಣದ ದಾರಿ ಇನ್ನೊಂದು ಕಡೆಯಾದರೆ ಏನಾಗುತ್ತದೆ ಎಂಬುದನ್ನು ಪಂಜಾಬ್ ನ್ಯಾಷನಲ್ ಬ್ಯಾಂಕಿನ ಮುಂಬೈ ಶಾಖೆಯಲ್ಲಿ 2018ರಲ್ಲಿ ಬಯಲಾದ ವಂಚನೆ ತೋರಿಸಿತು. ಅಲ್ಲಿ ಮಂಜೂರಾದ ಸಾಲಮಿತಿಯೇ ಇಲ್ಲದೆ ಖಾತರಿ ಪತ್ರಗಳು ಹೋದವು. ಸ್ವಿಫ್ಟ್ ಜಾಲದಲ್ಲಿ ಸಂದೇಶ ಕಳಿಸಿದವರು ಅದನ್ನು ಬ್ಯಾಂಕಿನ ಮುಖ್ಯ ಲೆಕ್ಕ ವ್ಯವಸ್ಥೆಯಲ್ಲಿ ದಾಖಲಿಸಿರಲಿಲ್ಲ, ಎರಡು ವ್ಯವಸ್ಥೆಗಳ ನಡುವೆ ಜೋಡಣೆಯೂ ಇರಲಿಲ್ಲ. ಸಣ್ಣ ಸಂಘಕ್ಕೆ ಇದರ ಅರ್ಥ ಸರಳ: ಪಟ್ಟಿ ಅಂಗೀಕಾರವಾದ ವಾರದಲ್ಲೇ ಚೆಕ್ ಸಹಿ ಮತ್ತು ನೆಟ್‌ಬ್ಯಾಂಕಿಂಗ್ ಮಿತಿಗಳನ್ನು ಅದಕ್ಕೆ ಹೊಂದಿಸಿ, ಬ್ಯಾಂಕಿನ ಸ್ವೀಕೃತಿಯನ್ನು ಕಡತದಲ್ಲಿ ಇಡಬೇಕು.

ಇಷ್ಟೆಲ್ಲ ಅಧಿಕಾರ ಬಜೆಟ್ಟಿನಲ್ಲಿ ಹಣವಿಟ್ಟ ಬಾಬ್ತುಗಳಿಗೆ ಮಾತ್ರ. ಹಣವಿಡದ ಕೆಲಸಕ್ಕೆ 2 ಸಾವಿರವಾದರೂ ಸಮಿತಿಯನ್ನೇ ಕೇಳಬೇಕು. ಒಂದು ಬಾಬ್ತಿನಿಂದ ಇನ್ನೊಂದಕ್ಕೆ ಹಣ ತಿರುಗಿಸುವ ಅಧಿಕಾರವೂ ಬೇರೆಯದೇ. ವಾಹನದ ಉಳಿಕೆಯಲ್ಲಿ ಶೇ 10ರಷ್ಟನ್ನು ದುರಸ್ತಿಗೆ ಕಾರ್ಯದರ್ಶಿ ಕೊಡಬಹುದು, ಸಂಬಳದ ಹಣವನ್ನು ಯಾರೂ ಮುಟ್ಟುವಂತಿಲ್ಲ ಎಂಬಂಥ ಸಾಲುಗಳು ಬೇಕು. ಕಾರ್ಯದರ್ಶಿ ರಜೆಯಲ್ಲಿದ್ದರೆ ಅವರ ಬದಲು ಯಾರು ಎಂಬುದನ್ನು ಹುದ್ದೆಯ ಹೆಸರಿನಲ್ಲಿ ಬರೆಯಬೇಕು, ವ್ಯಕ್ತಿಯ ಹೆಸರಿನಲ್ಲಲ್ಲ.

ಕೊನೆಗೆ ತುರ್ತು. ಭಾನುವಾರ ಬೋರ್‌ವೆಲ್ ಮೋಟರು ಸುಟ್ಟುಹೋದರೆ 200 ಮಕ್ಕಳಿಗೆ ನೀರಿಲ್ಲ. ಅಂಥ ಹೊತ್ತಿಗೆ ಅಧ್ಯಕ್ಷರ ಫೋನ್ ಒಪ್ಪಿಗೆಯ ಮೇಲೆ ಪ್ರಾಂಶುಪಾಲರು 75 ಸಾವಿರದವರೆಗೆ ಖರ್ಚು ಮಾಡಿ, ಮೂರು ದಿನದಲ್ಲಿ ಟಿಪ್ಪಣಿ ಬರೆದು, ಮುಂದಿನ ಸಭೆಯಲ್ಲಿ ಸ್ಥಿರೀಕರಿಸಿಕೊಳ್ಳಬಹುದು. ಈ ಸ್ಥಿರೀಕರಣಗಳಿಗೆ ಪ್ರತ್ಯೇಕ ವಹಿ ಇಡಬೇಕು. ಒಂದೇ ತ್ರೈಮಾಸಿಕದಲ್ಲಿ ಐದಾರು ಬಂದರೆ ಸಮಿತಿ ಅವನ್ನು ಒಂದೊಂದಾಗಿ ಬಿಡಿಸಿ ನೋಡಬೇಕಾಗುತ್ತದೆ. ಎಲ್ಲವೂ ನಿಜವಾದ ತುರ್ತುಗಳಾಗಿದ್ದರೆ ಪ್ರಾಂಶುಪಾಲರ 50 ಸಾವಿರದ ಮಿತಿ ಸಾಲುತ್ತಿಲ್ಲ, ಅದನ್ನು ಏರಿಸಲು ಠರಾವು ಮಾಡಬೇಕು. ಮಂಚ, ಮೇಜುಗಳೂ ತುರ್ತಿನ ಹೆಸರಿನಲ್ಲಿ ಬಂದಿದ್ದರೆ ಮುಂದಿನ ಮಾರ್ಚಿನವರೆಗೆ ಆ ಅಧಿಕಾರವನ್ನು ಕುಡಿಯುವ ನೀರು, ವಿದ್ಯುತ್ ಮತ್ತು ಚಿಕಿತ್ಸೆಗೆ ಮಾತ್ರ ಸೀಮಿತಗೊಳಿಸಬೇಕು.