ಫೋಟೊದಲ್ಲಿ ಸಿಕ್ಕ 2719 ಬಾಣಂತಿಯರು

ನರ್ಸಿಂಗ್ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬಳ ಸರದಿಗೆ ಜರ್ನಲ್ ಕ್ಲಬ್ ಬಂದಿದೆ ಎಂದುಕೊಳ್ಳೋಣ. ಅವಳಿಗೆ ಬೇಕಾದ ಲೇಖನ ಲೈಬ್ರರಿಯ ದಪ್ಪ ಬೈಂಡಿನೊಳಗಿದೆ, ಪುಸ್ತಕವನ್ನು ಮನೆಗೆ ಕೊಡುವುದಿಲ್ಲ. 'ಮೆಥಡ್ಸ್' ಪುಟದ ಫೋಟೊ ತೆಗೆದು, ಮೊಬೈಲಿನಲ್ಲೇ ಅದನ್ನು ಅಕ್ಷರಕ್ಕಿಳಿಸಿ, ರಾತ್ರಿ ಹಾಸ್ಟೆಲಿನಲ್ಲಿ ಕೂತು ಚೆಕ್‌ಲಿಸ್ಟ್ ತುಂಬುತ್ತಾಳೆ. ಬಾಣಂತಿಯರ ಖಿನ್ನತೆಯ ಬಗೆಗಿನ ಆ ಅಧ್ಯಯನದಲ್ಲಿ 2719 ಮಂದಿ ಇದ್ದರಂತೆ. ಖಿನ್ನತೆಯ ಗೆರೆ 213 ಅಂಕವಂತೆ.

ಎರಡೂ ತಪ್ಪು. ಲೇಖನದಲ್ಲಿದ್ದದ್ದು 271, ಅದರ ತಲೆಯ ಮೇಲೆ ಪುಟ್ಟದಾಗಿ ಅಚ್ಚಾಗಿದ್ದ 9, ಆಕರದ ಸಂಖ್ಯೆ. ಫೋಟೊ ಓದುವ ತಂತ್ರಾಂಶ ಅದನ್ನೂ ಸೇರಿಸಿಕೊಂಡಿತು. '≥13' ಎಂಬಲ್ಲಿನ ಚಿಹ್ನೆ 2 ಆಗಿಹೋಯಿತು. ಇವು ಇಷ್ಟು ದೊಡ್ಡ ತಪ್ಪುಗಳಾಗಿದ್ದೇ ಒಳ್ಳೆಯದಾಯಿತು, ಕಣ್ಣಿಗೆ ಬೀಳುತ್ತವೆ. ಅದೇ ಚಿಹ್ನೆ '>13' ಎಂದಾಗಿದ್ದರೆ ಯಾರೂ ಗಮನಿಸುತ್ತಿರಲಿಲ್ಲ. ಸರಿಯಾಗಿ 13 ಅಂಕ ಬಂದ ತಾಯಂದಿರೆಲ್ಲ ಲೆಕ್ಕದಿಂದ ಹೊರಗುಳಿಯುತ್ತಿದ್ದರು.

ಇಂಥ ಒಂದು ಕಾಲದ ಸಮೀಕ್ಷೆಗಳನ್ನು ಒರೆಗೆ ಹಚ್ಚಲು 2016ರಲ್ಲಿ ಪ್ರಕಟವಾದ 'ಆಕ್ಸಿಸ್' ಎಂಬ ಚೆಕ್‌ಲಿಸ್ಟ್ ಇದೆ. ಒಟ್ಟು 20 ಪ್ರಶ್ನೆಗಳು. ಉತ್ತರ ಹೌದು, ಇಲ್ಲ ಅಥವಾ ಗೊತ್ತಿಲ್ಲ. ಫೋಟೊದಲ್ಲಿ ಹುಡುಕಬೇಕಾದ ಮೂರು ಸಂಗತಿಗಳು ಅದರ 3, 8 ಮತ್ತು 9ನೇ ಪ್ರಶ್ನೆಗಳಿಗೆ ಸೇರುತ್ತವೆ.

ಮೂರನೆಯದು ಕೇಳುವುದು ಸ್ಯಾಂಪಲ್ ಸೈಜ್ ಎಷ್ಟು ಎಂದಲ್ಲ, ಅಷ್ಟೇ ಏಕೆ ಎಂದು. ನಮ್ಮ ಮಾದರಿ ಲೇಖನ ಕಾರಣ ಕೊಟ್ಟಿದೆ: ನೂರರಲ್ಲಿ 20 ಮಂದಿಗೆ ತೊಂದರೆ ಇರಬಹುದೆಂಬ ಅಂದಾಜು, 5 ಅಂಶದಷ್ಟು ಆಚೀಚೆಗೆ ಅವಕಾಶ, ಶೇ 95ರ ವಿಶ್ವಾಸ ಮಟ್ಟ. ಇದನ್ನು ಕ್ಯಾಲ್ಕುಲೇಟರಿನಲ್ಲಿ ಒತ್ತಿ ನೋಡಬಹುದು. 1.96 × 1.96 × 0.20 × 0.80 ಮಾಡಿ, ಬಂದದ್ದನ್ನು 0.05 × 0.05ರಿಂದ ಭಾಗಿಸಿದರೆ 245.9, ಅಂದರೆ 246. ಅರ್ಧಕ್ಕೆ ಬಿಡುವವರಿಗೆಂದು ಶೇ 10 ಸೇರಿಸಿದರೆ 271. ಹೀಗೆ ತಾಳೆಯಾದರೆ ಫೋಟೊ ಓದಿದ್ದೂ ಸರಿ, ಲೇಖಕರ ಲೆಕ್ಕವೂ ಸರಿ. ಒಂದೇ ಲೆಕ್ಕ ಎರಡು ಅನುಮಾನ ಕಳೆಯುವುದರಿಂದ ಈ ಐದು ನಿಮಿಷವನ್ನು ಉಳಿಸಲು ಹೋಗಬಾರದು.

ಆದರೆ ಫಲಿತಾಂಶದ ಕೋಷ್ಟಕದಲ್ಲಿ 258 ಎಂದಿದೆ. ಅದು ಪೂರ್ತಿ ತುಂಬಿದ ಫಾರಂಗಳ ಸಂಖ್ಯೆ. ಹಾಗಾಗಿ ಚೆಕ್‌ಲಿಸ್ಟಿನ ಒಂದೇ ಮನೆಯಲ್ಲಿ ಒಂದೇ ಅಂಕಿ ಬರೆದರೆ ಸಾಲದು. ಬೇಕೆಂದು ಲೆಕ್ಕ ಹಾಕಿದ್ದು 246, ಸೇರಿಸಿಕೊಂಡದ್ದು 271, ವಿಶ್ಲೇಷಣೆಗೆ ಸಿಕ್ಕಿದ್ದು 258 ಎಂದು ಮೂರನ್ನೂ ಬೇರೆ ಬೇರೆಯಾಗಿ ಬರೆಯಬೇಕು.

ವೇರಿಯಬಲ್‌ಗಳು ಒಂದೇ ಕಡೆ ಸಿಗುವುದಿಲ್ಲ. ಹೆರಿಗೆಯ ಬಗೆ, ಮನೆಯವರ ಆಸರೆ ಮೊದಲ ಪ್ಯಾರಾದಲ್ಲಿದ್ದರೆ, ತಾಯಿಯ ವಯಸ್ಸು ಕೊನೆಯ ಸಂಖ್ಯಾಶಾಸ್ತ್ರದ ಸಾಲಿನಲ್ಲಿ ಅಡಗಿರುತ್ತದೆ. ಬೈಂಡಿನ ಬುಡದಲ್ಲಿ ಪುಟ ಬಾಗಿ ಆ ಸಾಲೇ ನುಂಗಿಹೋಗಿರುವುದೂ ಉಂಟು. ಎರಡು ಕಾಲಂಗಳ ಪುಟವಾದರೆ ಎಡದ ಸಾಲು ಬಲದ ಸಾಲಿಗೆ ಅಂಟಿಕೊಂಡು ಅರ್ಥವಿಲ್ಲದ ವಾಕ್ಯ ಹುಟ್ಟುತ್ತದೆ. ಪುಟವನ್ನು ಮೆಲ್ಲಗೆ ಒತ್ತಿ ಹಿಡಿದು, ಕಿಟಕಿಯ ಬೆಳಕಿನಲ್ಲಿ, ಒಂದೊಂದು ಕಾಲಮ್ಮಿಗೆ ಒಂದೊಂದು ಫೋಟೊ ತೆಗೆದರೆ ಈ ಕಾಟ ಬಹುಪಾಲು ತಪ್ಪುತ್ತದೆ.

ಪ್ರತಿ ವೇರಿಯಬಲ್‌ನ ಪಕ್ಕದಲ್ಲಿ ಅದನ್ನು ಅಳೆದ ಟೂಲ್ ಬರೆಯಬೇಕು. ಖಾಲಿ ಉಳಿದ ಜಾಗವೇ 9ನೇ ಪ್ರಶ್ನೆಯತ್ತ ಕೈ ತೋರಿಸುತ್ತದೆ: ಈ ಟೂಲನ್ನು ಮೊದಲು ಯಾರಾದರೂ ಪ್ರಯೋಗಿಸಿ ನೋಡಿದ್ದಾರೆಯೇ? ಖಿನ್ನತೆಗೆ ಬಳಸಿದ್ದು ಎಡಿನ್‌ಬರೋ ಮಾಪಕ. ಸ್ಕಾಟ್ಲೆಂಡಿನಲ್ಲಿ ರೂಪುಗೊಂಡು 1987ರಲ್ಲಿ ಪ್ರಕಟವಾದದ್ದು. 10 ಪ್ರಶ್ನೆ, ಹೆಚ್ಚೆಂದರೆ 30 ಅಂಕ. 213 ಅಸಾಧ್ಯವೆಂದು ತಿಳಿಯಲು ಇಷ್ಟು ಗೊತ್ತಿದ್ದರೆ ಸಾಕು.

ಹೆಸರು ದೊಡ್ಡದಿದೆ ಎಂದು ಕೂಡಲೇ 'ಹೌದು' ಎಂದು ಗುರುತು ಹಾಕುವಂತಿಲ್ಲ. ನಮ್ಮ ಲೇಖನದ ತಾಯಂದಿರು ಉತ್ತರಿಸಿದ್ದು ಕನ್ನಡದಲ್ಲಿ, ಲೇಖಕರು ಉಲ್ಲೇಖಿಸಿದ್ದು ಇಂಗ್ಲಿಷ್ ಮೂಲವನ್ನು ಮಾತ್ರ. ಯಾವ ಅನುವಾದ ಬಳಸಿದರು, ಅದನ್ನು ಪರೀಕ್ಷಿಸಿದ್ದರೇ ಎಂಬ ಮಾತೇ ಇಲ್ಲ. ಅನುವಾದವನ್ನು ಬಸುರಿಯರಲ್ಲಿ ಪರೀಕ್ಷಿಸಿದ್ದರೂ ಬಾಣಂತಿಯರಲ್ಲಿ ಅದೇ ಗೆರೆ ನಿಲ್ಲುತ್ತದೆಂದು ಹೇಳಲಾಗದು. ಮನೆಯವರ ಆಸರೆಯನ್ನು ಅಳೆದದ್ದಂತೂ 'ಸ್ವತಃ ರಚಿಸಿದ ಪ್ರಶ್ನಾವಳಿ'ಯಿಂದ. ಎಷ್ಟು ಪ್ರಶ್ನೆ, ಯಾರ ಮೇಲೆ ಮೊದಲು ಪ್ರಯೋಗಿಸಿದರು ಎಂಬುದಕ್ಕೆ ಒಂದು ಸಾಲೂ ಇಲ್ಲ.

ಇಲ್ಲಿ ವಿದ್ಯಾರ್ಥಿನಿ ಒಂದು ಎಚ್ಚರ ವಹಿಸಬೇಕು. ಆ ಸಾಲು ಲೇಖನದಲ್ಲೇ ಇಲ್ಲವೋ, ತನ್ನ ಫೋಟೊದಲ್ಲಿ ಮಾತ್ರ ಇಲ್ಲವೋ? ಮೆಥಡ್ಸ್ ಮುಂದಿನ ಪುಟಕ್ಕೂ ಹರಿದಿದ್ದರೆ ಲೇಖಕರ ಮೇಲೆ ಹೊರಿಸುವ ತಪ್ಪು ಅವಳದೇ ಆಗಿರುತ್ತದೆ. ಅದಕ್ಕೇ ಪ್ರತಿ ಉತ್ತರದ ಎದುರು ಮೂಲದ ವಾಕ್ಯವನ್ನು ಇದ್ದ ಹಾಗೇ ಇಳಿಸಿ, ಪುಟ ಮತ್ತು ಕಾಲಂ ನಮೂದಿಸುವುದು ಒಳ್ಳೆಯದು. ಅವಳು ಬೆಳಿಗ್ಗೆ ಮತ್ತೆ ಲೈಬ್ರರಿಗೆ ಹೋಗಿ, ಪುಟ ಮಗುಚಿ ಕೊನೆಯ ಪ್ಯಾರಾದವರೆಗೂ ಓದುತ್ತಾಳೆ. ಸಾಲು ಅಲ್ಲೂ ಇಲ್ಲ. 9ನೇ ಪ್ರಶ್ನೆಯ ಎದುರು 'ಗೊತ್ತಿಲ್ಲ' ಎಂದು ಬರೆದು, ಪಕ್ಕದಲ್ಲಿ 'ಎರಡೂ ಪುಟ ನೋಡಿದೆ' ಎಂದು ಸೇರಿಸುತ್ತಾಳೆ.