‘ಹ್ಯಾವಿಂಗ್’ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ?

ಸಹೋದ್ಯೋಗಿಯೊಬ್ಬರಿಗೆ ಎರಡು ವರ್ಷದ ಮಗುವಿದೆ. ಅದನ್ನು ಲಂಡನ್ನಿನ ಗ್ರಾಹಕರಿಗೆ ಫೋನಿನಲ್ಲಿ ಹೇಳುವಾಗ ‘ಶೀ ಈಸ್ ಹ್ಯಾವಿಂಗ್ ಎ ಬೇಬಿ’ ಎಂದುಬಿಟ್ಟರೆ, ಆ ಕಡೆಯವರು ಹೆರಿಗೆ ಯಾವಾಗ ಎಂದು ಕೇಳುತ್ತಾರೆ. ಇಂಗ್ಲಿಷಿನಲ್ಲಿ ಆ ಮಾತಿಗೆ ಆಕೆ ಬಸುರಿ, ಇಲ್ಲವೇ ಹೆರಿಗೆ ನಡೆಯುತ್ತಿದೆ ಎಂದೇ ಅರ್ಥ. ಮಗುವಿದೆ ಎನ್ನಲು ‘ಶೀ ಹ್ಯಾಸ್ ಎ ಬೇಬಿ’ ಸಾಕು.

ಇಂಗ್ಲಿಷ್ ಕ್ರಿಯಾಪದಗಳಲ್ಲಿ ಕೆಲವು ನಡೆಯುವ ಕೆಲಸವನ್ನು ಹೇಳುತ್ತವೆ, ಕೆಲವು ಇರುವ ಸ್ಥಿತಿಯನ್ನು ಹೇಳುತ್ತವೆ. ತಿನ್ನುವುದು, ಓಡುವುದು ಕೆಲಸ. ಗೊತ್ತಿರುವುದು, ಬೇಕಿರುವುದು, ಸ್ವಂತದ್ದಾಗಿರುವುದು ಸ್ಥಿತಿ. ‘ಇಂಗ್’ ಸಾಮಾನ್ಯವಾಗಿ ಹತ್ತುವುದು ಕೆಲಸಕ್ಕೆ ಮಾತ್ರ. ಹಾಗಾಗಿಯೇ ‘ಐ ಆಮ್ ನೋಯಿಂಗ್ ಹಿಮ್’, ‘ಶೀ ಈಸ್ ಹ್ಯಾವಿಂಗ್ ಎ ಕಾರ್’ ಎರಡೂ ತಪ್ಪು.

ಇದಕ್ಕೆಲ್ಲ ಮಾತೃಭಾಷೆಯೇ ಕಾರಣ ಎನ್ನುವುದು ಪೂರ್ತಿ ನಿಜವಲ್ಲ. ಕನ್ನಡದ ‘ಗೊತ್ತು’, ‘ಬೇಕು’ಗಳಿಗೂ ‘ಉತ್ತಿದೆ’ ಸೇರುವುದಿಲ್ಲ. ‘ಕಾರಿದೆ’ ಎನ್ನುತ್ತೇವೆ, ‘ಕಾರು ಇರುತ್ತಿದೆ’ ಎನ್ನುವುದಿಲ್ಲ. ಈ ತಪ್ಪುಗಳ ಹಿಂದೆ ಹೆಚ್ಚಾಗಿ ಇರುವುದು, ಶಾಲೆಯಲ್ಲಿ ಉರುಹೊಡೆದ ‘ಆಮ್, ಈಸ್, ಇಂಗ್’ ಅಚ್ಚನ್ನು ಎಲ್ಲ ಕ್ರಿಯಾಪದಕ್ಕೂ ಒತ್ತುವ ಅಭ್ಯಾಸ.

ಕನ್ನಡ ನೇರವಾಗಿ ಕೈಯಾಡಿಸುವ ಜಾಗ ಬೇರೆ. ಮೀಟಿಂಗಿನಲ್ಲಿ ದನಿ ಕಡಿದುಹೋದಾಗ ನಮ್ಮ ಬಾಯಿಗೆ ಬರುವುದು ‘ಕೇಳಿಸ್ತಾ ಇಲ್ಲ’, ‘ಅರ್ಥ ಆಗ್ತಾ ಇಲ್ಲ’. ‘ಅರ್ಥವಾಗುತ್ತದೆ’ ಎಂದರೆ ಹೆಚ್ಚಾಗಿ ಯಾವಾಗಲೂ ಆಗುವ, ಇಲ್ಲವೇ ಮುಂದೆ ಆಗುವ ಮಾತಾಗುತ್ತದೆ. ಈ ಕ್ಷಣದ್ದನ್ನು ಹೇಳಲು ಸಾಮಾನ್ಯವಾಗಿ ‘ಆಗುತ್ತಿದೆ’ ಎನ್ನುತ್ತೇವೆ. ಅದೇ ಇಂಗ್ಲಿಷಿಗೆ ದಾಟಿ ‘ಐ ಆಮ್ ನಾಟ್ ಹಿಯರಿಂಗ್ ಯೂ’, ‘ಐ ಆಮ್ ನಾಟ್ ಅಂಡರ್‌ಸ್ಟ್ಯಾಂಡಿಂಗ್’ ಆಗುತ್ತದೆ. ಇಂಗ್ಲಿಷಿನಲ್ಲಿ ಸಾದಾ ರೂಪವೇ ಈ ಕ್ಷಣವನ್ನೂ ಹೇಳಬಲ್ಲದು: ‘ಐ ಡೋಂಟ್ ಅಂಡರ್‌ಸ್ಟ್ಯಾಂಡ್’. ಕೇಳಿಸದಿದ್ದರೆ ‘ಐ ಕಾಂಟ್ ಹಿಯರ್ ಯೂ’.

ಗೊಂದಲ ಹೆಚ್ಚುವುದು ಒಂದೇ ಪದ ಎರಡೂ ಬಣಕ್ಕೆ ಸೇರಿದಾಗ. ‘ಶೀ ಈಸ್ ಹ್ಯಾವಿಂಗ್ ಲಂಚ್’ ಸರಿ, ಏಕೆಂದರೆ ಅಲ್ಲಿ ‘ಹ್ಯಾವ್’ ಎಂದರೆ ಊಟ ಮಾಡುವುದು. ಊಟವನ್ನು ಅರ್ಧಕ್ಕೆ ನಿಲ್ಲಿಸಿ, ಫೋನ್ ಮುಗಿಸಿ, ಮತ್ತೆ ಮುಂದುವರಿಸಬಹುದು. ಕಾರಿನ ಒಡೆತನವನ್ನು ಹಾಗೆ ಹತ್ತು ನಿಮಿಷ ನಿಲ್ಲಿಸಲಾಗದು. ಸಂದೇಹ ಬಂದಾಗ ಈ ಪ್ರಶ್ನೆ ಬಹಳ ಸಲ ದಾರಿ ತೋರಿಸುತ್ತದೆ. ಸಂದರ್ಶನದಲ್ಲಿ ಪದೇ ಪದೇ ಕೇಳಿಬರುವ ‘ಐ ಆಮ್ ಹ್ಯಾವಿಂಗ್ ಫೋರ್ ಇಯರ್ಸ್ ಎಕ್ಸ್‌ಪೀರಿಯೆನ್ಸ್’ ಮಾತಿಗೂ ಇದನ್ನೇ ಹಾಕಿ ನೋಡಬಹುದು. ಅನುಭವವನ್ನು ನಡುವೆ ನಿಲ್ಲಿಸಿ ಮತ್ತೆ ಶುರುಮಾಡಲಾಗದು, ಆದ್ದರಿಂದ ‘ಐ ಹ್ಯಾವ್’. ‘ಥಿಂಕ್’ ಕೂಡ ಹೀಗೆಯೇ: ಅಭಿಪ್ರಾಯವಾದರೆ ‘ಐ ಥಿಂಕ್’, ಯೋಚನೆ ನಡೆಯುತ್ತಿದ್ದರೆ ‘ಐ ಆಮ್ ಥಿಂಕಿಂಗ್’.

ಹಾಗಾದರೆ 2003ರಿಂದ ಮೆಕ್‌ಡೊನಾಲ್ಡ್ಸ್ ಬಳಸುತ್ತಿರುವ ‘ಐ ಆಮ್ ಲವಿನ್ ಇಟ್’? ಅಲ್ಲಿ ತಿನ್ನುತ್ತಿರುವ ಈ ಗಳಿಗೆಯ ಖುಷಿಯನ್ನು ಹೇಳಲೆಂದೇ ಸ್ಥಿತಿಯ ಪದವನ್ನು ಕೆಲಸದ ಪದದಂತೆ ಬಳಸಲಾಗಿದೆ. ಆಡುಮಾತಿನಲ್ಲಿ ಅದು ಒಪ್ಪಿತ. ‘ನೋ’ಗೆ ಮಾತ್ರ ಇಂಗ್ಲಿಷ್ ಅಷ್ಟು ಸಲಿಗೆ ಕೊಟ್ಟಿಲ್ಲ.